ಯಾರ ಎಡ, ಯಾವುದರ ಎದುರು: ಕನ್ನಡದಲ್ಲಿ ದಾರಿ ಹೇಳುವ ಕ್ರಮ

ಎಡ, ಬಲ, ಎದುರು, ಪಕ್ಕ, ಮುಂದೆ, ಹಿಂದೆ. ಈ ಮಾತುಗಳ ಅರ್ಥ ಗೊತ್ತಿಲ್ಲದೆ ಯಾರೂ ದಾರಿ ತಪ್ಪುವುದಿಲ್ಲ. ಹೇಳುವವರು ಒಂದು ಕಡೆ ನಿಂತು ಎಣಿಸಿದ್ದನ್ನು ಕೇಳುವವರು ಇನ್ನೊಂದು ಕಡೆ ನಿಂತು ಎಣಿಸುತ್ತಾರೆ, ಅದರಿಂದ ತಪ್ಪುತ್ತಾರೆ. ‘ಶಾಲೆಯ ಎಡಕ್ಕೆ’ ಎಂದಾಗ ಅದು ಶಾಲೆಯತ್ತ ಮುಖ ಮಾಡಿ ನಿಂತವರ ಎಡವೋ, ಶಾಲೆಯ ಬಾಗಿಲಿನಿಂದ ಹೊರಗೆ ಬರುವವರ ಎಡವೋ? ಎರಡೂ ಪರಸ್ಪರ ಎದುರು ಬದಿಗಳು. ದಾರಿ ಹೇಳುವುದನ್ನು, ಅದರಲ್ಲೂ ಬರೆದು ಕಳಿಸುವುದನ್ನು, ಸರಿಯಾಗಿ ಕಲಿಯಬೇಕಾದವರು ಈ ಪ್ರಶ್ನೆಯಿಂದಲೇ ಆರಂಭಿಸಬೇಕು. ಬರಹದಲ್ಲಿ ಕೈ ತೋರಿಸಲು ಬರುವುದಿಲ್ಲ. ಕೈ ಮಾಡುವ ಕೆಲಸವನ್ನೂ ಮಾತೇ ಮಾಡಬೇಕು.

ಮೊದಲ ಹೆಜ್ಜೆ: ಮಾತು ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ನೋಡಿ

ದಿಕ್ಕು ಹೇಳುವ ಪ್ರತಿಯೊಂದು ಮಾತಿಗೂ ಒಂದು ಆಧಾರ ಇರುತ್ತದೆ. ಕೆಲವು ಮಾತುಗಳು ನಡೆಯುವವರಿಗೆ ಕಟ್ಟಿಕೊಂಡಿರುತ್ತವೆ. ‘ಎಡಕ್ಕೆ ತಿರುಗಿ’ ಎಂದರೆ ನಡೆಯುವವರ ಎಡ, ಅದರಲ್ಲಿ ಗೊಂದಲವಿಲ್ಲ. ಕೆಲವು ಮಾತುಗಳು ಒಂದು ವಸ್ತುವಿನ ಮುಖಕ್ಕೆ ಕಟ್ಟಿಕೊಂಡಿರುತ್ತವೆ. ‘ಮನೆಯ ಹಿಂದೆ’ ಎಂದರೆ, ನೀವು ಎಲ್ಲೇ ನಿಂತಿರಿ, ಮನೆಯ ಮುಂಬಾಗಿಲಿನ ವಿರುದ್ಧ ಬದಿ. ಆದರೆ ಮರಕ್ಕೆ ಮುಖ ಇಲ್ಲ, ಬಂಡೆಗೂ ಇಲ್ಲ. ಆದ್ದರಿಂದ ‘ಮರದ ಹಿಂದೆ’ ಎಂಬುದು ನೋಡುವವರಿಗೆ ಕಟ್ಟಿಕೊಳ್ಳುತ್ತದೆ: ನೋಡುವವರಿಗೆ ಮರೆಯಾಗುವ ಬದಿಯೇ ಹಿಂದೆ. ಅವರು ಸುತ್ತಿಕೊಂಡು ಇನ್ನೊಂದು ಕಡೆಯಿಂದ ಬಂದರೆ ಹಿಂದೆ ಇದ್ದದ್ದು ಮುಂದೆ ಬರುತ್ತದೆ. ಮುಖವಿಲ್ಲದ ವಸ್ತುವನ್ನು ಗುರುತಾಗಿ ಕೊಡುವಾಗ ಹಿಂದೆ, ಮುಂದೆ, ಎಡ, ಬಲ ಎನ್ನದೆ ‘ಮರ ದಾಟಿದ ಮೇಲೆ’, ‘ಮರಕ್ಕಿಂತ ಮೊದಲು’ ಎಂದು ನಡಿಗೆಯ ಲೆಕ್ಕದಲ್ಲಿ ಹೇಳುವುದು ಕ್ಷೇಮ.

ಮೂರನೆಯ ಆಧಾರ ಹರಿವು. ನದಿಯ ಎಡದಂಡೆ, ಬಲದಂಡೆಗಳನ್ನು ನೀರು ಹರಿಯುವ ಕಡೆಗೆ ಮುಖ ಮಾಡಿ ಎಣಿಸುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರುಗಳ ಕಡೆ ಹೋಗುವುದು, ಬಲದಂಡೆ ಕಾಲುವೆ ಬಳ್ಳಾರಿಯ ಕಡೆ ಹೋಗುವುದು ಈ ಲೆಕ್ಕದಿಂದಲೇ. ಸೇತುವೆಯ ಮೇಲೆ ನೀರಿನ ಎದುರು ಮುಖ ಮಾಡಿ ನಿಂತವರಿಗೆ ಎಡದಂಡೆ ಬಲಗೈ ಕಡೆ ಇರುತ್ತದೆ. ಹಾಗೆಂದು ಹೆಸರು ಬದಲಾಗುವುದಿಲ್ಲ. ‘ಆಚೆ ದಡ, ಈಚೆ ದಡ’ ಎಂಬ ಜೋಡಿಯ ಸ್ವಭಾವ ಇದಕ್ಕೆ ಪೂರ್ತಿ ಬೇರೆ. ಅದು ಮಾತನಾಡುವವರು ನಿಂತ ಜಾಗಕ್ಕೆ ಕಟ್ಟಿಕೊಂಡಿದೆ. ದೋಣಿ ದಾಟಿದರೆ ಆಚೆಯದು ಈಚೆಯದಾಗುತ್ತದೆ. ಬರಹದಲ್ಲಿ ‘ಆಚೆ’ ಎಂದು ಒಂದೇ ಮಾತು ಬರೆದರೆ ಓದುವವರಿಗೆ ನೀವು ಎಲ್ಲಿ ನಿಂತು ಬರೆದಿರಿ ಎಂದು ತಿಳಿಯದು. ‘ನೀವು ಬರುವ ಕಡೆಯಿಂದ ನೋಡಿದರೆ ಹಳ್ಳದ ಆಚೆ’ ಎಂದು ಪೂರ್ತಿ ಬರೆಯಿರಿ.

ಕೊನೆಯ ಆಧಾರ ಭೂಮಿ. ಪೂರ್ವ, ಪಶ್ಚಿಮಗಳು ಯಾರು ಎತ್ತ ತಿರುಗಿದರೂ ಕದಲುವುದಿಲ್ಲ. ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯ ಹೆಜ್ಜೆ: ವಿಭಕ್ತಿಯನ್ನು ಅಳೆದು ಬಳಸಿ

ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ. ಕನ್ನಡದಲ್ಲಿ ದಿಕ್ಕಿನ ಅರ್ಥದ ಅರ್ಧ ಭಾಗವನ್ನು ಹೊರುವುದು ಪದವಲ್ಲ, ಅದಕ್ಕೆ ಅಂಟಿದ ಪ್ರತ್ಯಯ.

‘ನಿಲ್ದಾಣದ ಮುಂದೆ ಅಂಗಡಿ ಇದೆ’ ಎಂದರೆ ನಿಲ್ದಾಣದ ಮುಂಭಾಗದಲ್ಲಿ, ಅದರ ಬಾಗಿಲಿಗೆ ಕಾಣುವಂತೆ. ‘ನಿಲ್ದಾಣದಿಂದ ಮುಂದೆ ಅಂಗಡಿ ಇದೆ’ ಎಂದರೆ ನಿಲ್ದಾಣವನ್ನು ಹಾದು ಹೋದ ಮೇಲೆ, ಅದೇ ದಾರಿಯಲ್ಲಿ. ಮೊದಲನೆಯದು ಕಟ್ಟಡದ ಮುಖಕ್ಕೆ ಕಟ್ಟಿಕೊಂಡಿದೆ, ಎರಡನೆಯದು ನಡಿಗೆಗೆ. ನಡುವೆ ಅರ್ಧ ಕಿಲೋಮೀಟರ್ ಅಂತರವೂ ಇರಬಹುದು, ಬೇರೆಯಾಗಿರುವುದು ‘ದ’ ಮತ್ತು ‘ದಿಂದ’ ಅಷ್ಟೇ. ಹಾದುಹೋಗುವ ಅರ್ಥ ಬೇಕಿದ್ದಾಗ ‘ದಿಂದ ಮುಂದೆ’ಯನ್ನೂ ನಂಬದೆ ‘ನಿಲ್ದಾಣವನ್ನು ದಾಟಿ ಮುಂದೆ’ ಎಂದು ಬರೆಯಿರಿ. ‘ದಾಟಿ’ ಬಂದರೆ ಯಾವ ಸಂದೇಹವೂ ಉಳಿಯುವುದಿಲ್ಲ. ಹಾಗೆಯೇ ‘ಶಾಲೆಯ ಹಿಂದೆ’ ಎಂದರೆ ಶಾಲೆಯ ಹಿಂಬದಿ, ‘ಶಾಲೆಗಿಂತ ಹಿಂದೆ’ ಎಂದರೆ ದಾರಿಯಲ್ಲಿ ಶಾಲೆ ಬರುವುದಕ್ಕೆ ಮೊದಲು. ಎರಡನೆಯದಕ್ಕೆ ‘ಶಾಲೆಗಿಂತ ಮೊದಲೇ’ ಎಂಬುದು ಇನ್ನೂ ಸ್ಪಷ್ಟ.

ಎಡ ಬಲಗಳಿಗೂ ಇದೇ ಎಚ್ಚರ ಬೇಕು. ‘ಎಡಕ್ಕೆ’ ಎಂಬುದು ಚಲನೆ: ಎಡಕ್ಕೆ ತಿರುಗಿ, ಎಡಕ್ಕೆ ಹೋಗುವ ರಸ್ತೆ. ‘ಎಡಗಡೆ’, ‘ಎಡಬದಿಯಲ್ಲಿ’ ಎಂಬುದು ಇರುವ ಜಾಗ: ಎಡಗಡೆ ಒಂದು ಬಾವಿ ಕಾಣುತ್ತದೆ. ‘ಎಡದಿಂದ’ ಎಂಬುದು ಎಣಿಕೆಯ ಆರಂಭ: ಎಡದಿಂದ ಮೂರನೆಯ ಬಾಗಿಲು. ‘ವೃತ್ತದಲ್ಲಿ ಎಡಕ್ಕೆ ಬಾವಿ ಇದೆ’ ಎಂದು ಬರೆದರೆ ತಿರುಗಬೇಕೋ, ಸುಮ್ಮನೆ ನೋಡಿ ಮುಂದೆ ನಡೆಯಬೇಕೋ ತಿಳಿಯುವುದಿಲ್ಲ. ತಿರುಗಬೇಕಾದ ಕಡೆ ಮಾತ್ರ ‘ಕ್ಕೆ’ ಬಳಸಿ, ಗುರುತು ತೋರಿಸುವ ಕಡೆ ‘ಗಡೆ’ ಅಥವಾ ‘ಬದಿಯಲ್ಲಿ’ ಬಳಸಿ. ಒಂದೇ ಬರಹದಲ್ಲಿ ಈ ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಿದರೆ ಓದುವವರು ಎರಡನೆಯ ವಾಕ್ಯಕ್ಕೇ ಅದನ್ನು ಹಿಡಿದುಬಿಡುತ್ತಾರೆ.

ದಿಕ್ಕಿನ ಹೆಸರಿನೊಂದಿಗೆ ‘ಕ್ಕೆ’ ಮತ್ತು ‘ದಲ್ಲಿ’ ಇನ್ನೊಂದು ಭೇದವನ್ನು ಮಾಡುತ್ತವೆ. ‘ಕರ್ನಾಟಕದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ’ ಎನ್ನುತ್ತೇವೆ, ಸಮುದ್ರ ರಾಜ್ಯದ ಹೊರಗಿದೆ. ‘ಕರ್ನಾಟಕದ ಪಶ್ಚಿಮದಲ್ಲಿ ಕರಾವಳಿ’ ಎನ್ನುತ್ತೇವೆ, ಅದು ರಾಜ್ಯದ ಒಳಗಿದೆ. ಮಾತಿನಲ್ಲಿ ಈ ಭೇದ ಸಡಿಲವಾಗುವುದುಂಟು, ಬರಹದಲ್ಲಿ ಅದನ್ನು ಉಳಿಸಿಕೊಳ್ಳುವುದು ಲಾಭ. ಜಮೀನಿನ ಪತ್ರಗಳ ಚೆಕ್ಕುಬಂದಿ ನಿಂತಿರುವುದೇ ಈ ಭೇದದ ಮೇಲೆ. ಅಲ್ಲಿ ‘ಪೂರ್ವಕ್ಕೆ: ರಸ್ತೆ’ ಎಂದಿದ್ದರೆ ರಸ್ತೆ ಆ ನಿವೇಶನದ ಭಾಗವಲ್ಲ, ಪೂರ್ವದ ಗಡಿಯಾಚೆ ಅದನ್ನು ತಾಗಿಕೊಂಡು ಇರುವುದು ಎಂದರ್ಥ. ನಾಲ್ಕು ಗಡಿಗಳಲ್ಲೂ ಬರೆಯುವುದು ಪಕ್ಕದ್ದನ್ನು, ತನ್ನದನ್ನಲ್ಲ. ಬಾವಿ ನಿಮ್ಮ ಜಾಗದೊಳಗಿದ್ದರೆ ಅದು ‘ಈಶಾನ್ಯ ಮೂಲೆಯಲ್ಲಿ’ ಇದೆ. ‘ಈಶಾನ್ಯಕ್ಕೆ’ ಇದೆ ಎಂದು ಬರೆದರೆ ಅದು ಹೊರಗೆ ಹೋದಂತೆ.

ಮೂರನೆಯ ಹೆಜ್ಜೆ: ಎದುರು ಮತ್ತು ಪಕ್ಕಗಳನ್ನು ಬಿಗಿ ಮಾಡಿ

‘ಎದುರು’ ಎಂಬ ಮಾತಿಗೆ ರೂಢಿಯಲ್ಲಿ ಎರಡು ಅರ್ಥ. ‘ಅಂಚೆ ಕಚೇರಿಯ ಎದುರು’ ಎಂದರೆ ನಡುವೆ ರಸ್ತೆ ಅಥವಾ ಅಂಗಳ ಇದ್ದು, ಅದರಾಚೆ ಮುಖಕ್ಕೆ ಮುಖವಾಗಿ. ‘ಎದುರಿಗೆ ಅಂಚೆ ಕಚೇರಿ ಸಿಗುತ್ತದೆ’ ಎಂದರೆ ನಡೆಯುವವರ ಕಣ್ಣ ಮುಂದೆ. ಮೂರು ದಾರಿ ಕೂಡುವಲ್ಲಿ ನೇರ ಮುಂದೆ ಗೋಡೆ ಕಟ್ಟಿದಂತೆ ನಿಂತ ಕಟ್ಟಡಕ್ಕೆ ಎರಡನೆಯ ಪ್ರಯೋಗ ಚೆನ್ನಾಗಿ ಒಪ್ಪುತ್ತದೆ. ಮೊದಲನೆಯದು ಬೇಕಾದಾಗ ‘ರಸ್ತೆಯ ಆ ಬದಿಯಲ್ಲಿ, ಅಂಚೆ ಕಚೇರಿಗೆ ಎದುರಾಗಿ’ ಎಂದು ರಸ್ತೆಯನ್ನು ಹೆಸರಿಸಿ. ಎರಡು ಕಟ್ಟಡ ಒಂದಕ್ಕೊಂದು ನೇರವಾಗಿ ಇದ್ದರೆ ‘ಎದುರುಬದುರು’. ಸ್ವಲ್ಪ ಸರಿದಿದ್ದರೆ ‘ಓರೆಯಾಗಿ ಎದುರು’ ಎಂದು ಹೇಳಲೇಬೇಕು. ಇಲ್ಲದಿದ್ದರೆ ಹುಡುಕುವವರು ನೇರ ಎದುರಿನ ಬಾಗಿಲನ್ನೇ ತಟ್ಟುತ್ತಾರೆ. ‘ವಿರುದ್ಧ’ ಎಂಬ ಮಾತನ್ನು ಚಲನೆಗೆ ಮತ್ತು ದಿಕ್ಕಿಗೆ ಮೀಸಲಿಡಿ: ಬಸ್ಸು ಹೊರಟ ದಿಕ್ಕಿಗೆ ವಿರುದ್ಧವಾಗಿ ನಡೆಯಿರಿ. ‘ಬ್ಯಾಂಕಿನ ವಿರುದ್ಧ ನಮ್ಮ ಮನೆ’ ಎಂದರೆ ಜಗಳದ ಮಾತಾಗುತ್ತದೆ. ಗಣಿತದ ಪುಸ್ತಕದಲ್ಲಿ ಎದುರು, ಪಕ್ಕ ಎಂಬ ಜೋಡಿಗೆ ‘ಅಭಿಮುಖ’ ಮತ್ತು ‘ಪಾರ್ಶ್ವ’ ಎಂಬ ಹೆಸರುಗಳಿವೆ. ತ್ರಿಕೋನದ ಅಭಿಮುಖ ಬಾಹು ಕೋನಕ್ಕೆ ಎದುರಿನದು, ಪಾರ್ಶ್ವ ಬಾಹು ಕೋನವನ್ನು ತಾಗಿರುವುದು. ದಾರಿ ಹೇಳುವಾಗ ಈ ಪದಗಳ ಅಗತ್ಯವಿಲ್ಲ.

‘ಪಕ್ಕ’ ಬಹಳ ಸಡಿಲವಾದ ಮಾತು. ಗೋಡೆ ಹಂಚಿಕೊಂಡ ಮನೆಯೂ ಪಕ್ಕದ್ದೇ, ನಡುವೆ ಖಾಲಿ ಜಾಗ ಬಿಟ್ಟು ಇರುವುದೂ ಪಕ್ಕದ್ದೇ. ತಾಗಿದ್ದರೆ ‘ತಾಗಿಕೊಂಡು’ ಅಥವಾ ‘ಹೊಂದಿಕೊಂಡು’ ಎನ್ನಿ. ನಡುವೆ ಏನಾದರೂ ಇದ್ದರೆ ಅದನ್ನು ಹೇಳಿ. ಎರಡು ಬದಿಯಲ್ಲಿ ಯಾವುದು ಎಂದೂ ಹೇಳಬೇಕು: ‘ಶಾಲೆಯ ಪಕ್ಕದ ಮನೆ’ ಎಂದರೆ ಎರಡು ಮನೆಗಳಿರಬಹುದು, ‘ಶಾಲೆ ದಾಟಿದ ಮೇಲೆ ಸಿಗುವ ಪಕ್ಕದ ಮನೆ’ ಎಂದರೆ ಒಂದೇ.

ಎಣಿಕೆಯ ತೊಡಕೂ ಇಲ್ಲೇ ಸೇರುತ್ತದೆ. ‘ಮೂರನೆಯ ಮನೆ’ ಮತ್ತು ‘ಮೂರು ಮನೆ ಬಿಟ್ಟು’ ಒಂದೇ ಅಲ್ಲ. ಎರಡನೆಯದು ನಾಲ್ಕನೆಯ ಮನೆ. ‘ಎರಡನೆಯ ತಿರುವಿನಲ್ಲಿ’ ಮತ್ತು ‘ಎರಡು ತಿರುವು ದಾಟಿ’ ಎಂಬುದರಲ್ಲೂ ಒಂದು ತಿರುವಿನ ವ್ಯತ್ಯಾಸವಿದೆ. ನಾನು ಯಾವಾಗಲೂ ‘ನೆಯ’ ಇರುವ ರೂಪವನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಅದು ತಲುಪಬೇಕಾದ್ದನ್ನೇ ಎಣಿಸುತ್ತದೆ. ಎಣಿಕೆ ಎಲ್ಲಿಂದ ಆರಂಭ ಎಂಬುದನ್ನೂ ಜೊತೆಗೇ ಕೊಡಿ: ‘ವೃತ್ತದಿಂದ ಎಣಿಸಿದರೆ ಎಡಕ್ಕೆ ಹೋಗುವ ಎರಡನೆಯ ರಸ್ತೆ’.

ನಾಲ್ಕನೆಯ ಹೆಜ್ಜೆ: ಎಂಟು ದಿಕ್ಕುಗಳನ್ನು ಸುತ್ತಿನ ಕ್ರಮದಲ್ಲಿ ಕಲಿಯಿರಿ

ಪೂರ್ವ, ಆಗ್ನೇಯ, ದಕ್ಷಿಣ, ನೈಋತ್ಯ, ಪಶ್ಚಿಮ, ವಾಯವ್ಯ, ಉತ್ತರ, ಈಶಾನ್ಯ. ಇದು ಪೂರ್ವದಿಂದ ಹೊರಟು ಪ್ರದಕ್ಷಿಣೆಯಾಗಿ ಸುತ್ತುವ ಕ್ರಮ, ಇಂದ್ರನಿಂದ ಈಶಾನನವರೆಗೆ ದಿಕ್ಪಾಲಕರನ್ನು ಹೇಳುವುದೂ ಇದೇ ಕ್ರಮದಲ್ಲಿ. ಪ್ರತಿ ಹೆಜ್ಜೆಗೆ 45 ಡಿಗ್ರಿ. ನಾಲ್ಕು ಮುಖ್ಯ ದಿಕ್ಕುಗಳಲ್ಲಿ ಯಾರೂ ಎಡವುವುದಿಲ್ಲ, ಎಡವುವುದು ಮೂಲೆಗಳಲ್ಲಿ: ಈಶಾನ್ಯ ವಾಯವ್ಯವಾಗುತ್ತದೆ, ಆಗ್ನೇಯ ನೈಋತ್ಯವಾಗುತ್ತದೆ. ಕರ್ನಾಟಕದ ನಕ್ಷೆ ಕಣ್ಣಿಗೆ ಕಟ್ಟಿದ್ದವರು ಅದನ್ನೇ ಹಿಡಿದುಕೊಳ್ಳಬಹುದು. ಬೀದರ್ ಈಶಾನ್ಯ, ಕೋಲಾರ ಆಗ್ನೇಯ, ಮಂಗಳೂರು ನೈಋತ್ಯ, ಬೆಳಗಾವಿ ವಾಯವ್ಯ. ಕೇಳುವವರಿಗೆ ಈ ಹೆಸರುಗಳು ಗಟ್ಟಿಯಿಲ್ಲ ಎನಿಸಿದರೆ ‘ಉತ್ತರ ಮತ್ತು ಪೂರ್ವದ ನಡುವಿನ ಮೂಲೆ’ ಎಂದು ಬಿಡಿಸಿ ಹೇಳುವುದರಲ್ಲಿ ಯಾವ ಕುಂದೂ ಇಲ್ಲ. ಎಂಟಕ್ಕಿಂತ ಸೂಕ್ಷ್ಮವಾಗಿ ಬೇಕಾದಾಗ ‘ಉತ್ತರದಿಂದ ತುಸು ಪೂರ್ವಕ್ಕೆ ಸರಿದು’ ಎನ್ನಿ.

ಮೂಡಣ, ಪಡುವಣ, ಬಡಗಣ, ತೆಂಕಣ ಎಂಬ ನಮ್ಮ ಹಳೆಯ ನಾಲ್ಕು ಹೆಸರುಗಳು ಊರುಗಳಲ್ಲಿ, ಕಲೆಗಳಲ್ಲಿ ಬದುಕಿವೆ. ಮೂಡುಬಿದಿರೆ, ಪಡುಬಿದ್ರಿ ಎಂಬ ಹೆಸರುಗಳಲ್ಲಿ, ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟುಗಳಲ್ಲಿ ಅವನ್ನು ಕೇಳುತ್ತೇವೆ. ಮೂಡು, ಪಡು ಸುಲಭ, ಸೂರ್ಯ ಮೂಡುವ ಕಡೆ ಒಂದು, ಬೀಳುವ ಕಡೆ ಇನ್ನೊಂದು. ಬಡಗು ಉತ್ತರ, ತೆಂಕು ದಕ್ಷಿಣ ಎಂಬುದನ್ನು ಮಾತ್ರ ಈಗ ಅನೇಕರು ಅದಲುಬದಲು ಮಾಡುತ್ತಾರೆ. ಹೊಸಬರಿಗೆ ದಾರಿ ಹೇಳುವಾಗ ಉತ್ತರ, ದಕ್ಷಿಣ ಎಂದೇ ಹೇಳುವುದು ಒಳ್ಳೆಯದು.

ಸೂರ್ಯನನ್ನು ನೋಡಿ ಪೂರ್ವ ಗುರುತಿಸುವವರಿಗೆ ಒಂದು ಮಾತು. ಸೂರ್ಯ ನಿಖರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನ ಮೂರನೆಯ ವಾರ ಕಳೆದ ದಿನಗಳಲ್ಲಿ ಮಾತ್ರ. ಜೂನ್ ಕೊನೆಯ ಭಾಗದಲ್ಲಿ ಕರ್ನಾಟಕದಲ್ಲಿ ಅದು ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತದೆ, ಎಂದರೆ ಪೂರ್ವಕ್ಕೂ ಈಶಾನ್ಯಕ್ಕೂ ಸರಿಸುಮಾರು ನಡುವೆ. ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ರಸ್ತೆಯ ಕವಲಿನಲ್ಲಿ ಪೂರ್ವ ಮತ್ತು ಉತ್ತರಗಳಲ್ಲಿ ಒಂದನ್ನು ಆರಿಸಲು ಇಷ್ಟು ನಿಖರತೆ ಸಾಕು. ಮನೆಯ ಗೋಡೆ ಎತ್ತ ಮುಖ ಮಾಡಿದೆ ಎಂದು ಪತ್ರದಲ್ಲಿ ಬರೆಯಲು ಸಾಲದು, ಅದಕ್ಕೆ ದಿಕ್ಸೂಚಿ ಬೇಕು. ಮೊಬೈಲ್ ದಿಕ್ಸೂಚಿ ಕಬ್ಬಿಣದ ಗೇಟು, ಕಾರುಗಳ ಹತ್ತಿರ ತಪ್ಪು ತೋರಿಸುತ್ತದೆ. ಎರಡು ಮೂರು ಜಾಗದಲ್ಲಿ ನಿಂತು ನೋಡಿದಾಗಲೂ ಅದು ಒಂದೇ ದಿಕ್ಕು ತೋರಿಸಿದರೆ ನಂಬಬಹುದು.

ಗಾಳಿಯ ವಿಷಯದಲ್ಲಿ ಮಾತ್ರ ಹೆಸರು ತಿರುವುಮುರುವು. ನೈಋತ್ಯ ಮಾರುತ ನೈಋತ್ಯಕ್ಕೆ ಹೋಗುವ ಗಾಳಿಯಲ್ಲ, ಅಲ್ಲಿಂದ ಬರುವ ಗಾಳಿ. ಅದು ಬೀಸುವುದು ಈಶಾನ್ಯದ ಕಡೆಗೆ. ರಸ್ತೆ, ನದಿ, ನಡಿಗೆಗಳಿಗೆ ಹೋಗುವ ಕಡೆಯ ಹೆಸರು, ಗಾಳಿಗೆ ಬರುವ ಕಡೆಯ ಹೆಸರು.

ಐದನೆಯ ಹೆಜ್ಜೆ: ಸುತ್ತುವುದನ್ನು ಹೇಳುವುದು

ಗಡಿಯಾರದ ಮುಳ್ಳು ಚಲಿಸುವ ದಿಕ್ಕು ಪ್ರದಕ್ಷಿಣ, ಅದಕ್ಕೆ ವಿರುದ್ಧ ಅಪ್ರದಕ್ಷಿಣ. ಗಡಿಯಾರವನ್ನು ನೆನೆಯದೆಯೂ ಇದನ್ನು ಖಚಿತ ಮಾಡಿಕೊಳ್ಳಬಹುದು: ನೀವು ಯಾವುದನ್ನು ಸುತ್ತುತ್ತಿದ್ದೀರೋ ಅದು ನಿಮ್ಮ ಬಲಗೈ ಕಡೆ ಇದ್ದರೆ ನೀವು ಪ್ರದಕ್ಷಿಣೆ ಮಾಡುತ್ತಿದ್ದೀರಿ. ಎಡಬದಿಯಲ್ಲಿ ವಾಹನ ಓಡಿಸುವ ನಮ್ಮ ರಸ್ತೆಗಳಲ್ಲಿ ವೃತ್ತವನ್ನು ಬಳಸುವುದು ಪ್ರದಕ್ಷಿಣವಾಗಿಯೇ. ನಾಲ್ಕು ರಸ್ತೆಯ ವೃತ್ತಕ್ಕೆ ಬಂದವರಿಗೆ ಮೊದಲು ಸಿಗುವುದು ಎಡಕ್ಕೆ ಹೋಗುವ ರಸ್ತೆ, ಎರಡನೆಯದು ನೇರ, ಮೂರನೆಯದು ಬಲಕ್ಕೆ. ಆದ್ದರಿಂದ ವಾಹನದಲ್ಲಿ ಬರುವವರಿಗೆ ‘ವೃತ್ತದಲ್ಲಿ ಬಲಕ್ಕೆ’ ಎನ್ನುವುದರ ಜೊತೆಗೆ ‘ಮುಕ್ಕಾಲು ಸುತ್ತು ಬಂದು ಮೂರನೆಯ ರಸ್ತೆ’ ಎಂದರೆ ತಪ್ಪುವ ಸಾಧ್ಯತೆಯೇ ಇಲ್ಲ.

ನಿಂತಲ್ಲೇ ತಿರುಗುವ ವಸ್ತುವಿಗೆ ಮಾತ್ರ ನೋಡುವ ಬದಿಯನ್ನೂ ಹೇಳಬೇಕು. ಕೆಳಗೆ ನಿಂತವರಿಗೆ ಅಪ್ರದಕ್ಷಿಣವಾಗಿ ಸುತ್ತುವ ಚಾವಣಿಯ ಫ್ಯಾನ್ ಮೇಲಿನಿಂದ ನೋಡಿದರೆ ಪ್ರದಕ್ಷಿಣ. ತಿರುಪನ್ನು ‘ಬಲಕ್ಕೆ ತಿರುಗಿಸಿ’ ಎಂಬುದೂ ಪೂರ್ತಿ ಸರಿಯಲ್ಲ, ಅದರ ಮೇಲಂಚು ಬಲಕ್ಕೆ ಹೋದಾಗ ಕೆಳಅಂಚು ಎಡಕ್ಕೆ ಹೋಗುತ್ತದೆ. ‘ತಿರುಪಿನ ತಲೆಯನ್ನು ಎದುರಿನಿಂದ ನೋಡುತ್ತಾ ಪ್ರದಕ್ಷಿಣವಾಗಿ’ ಎಂದು ಬರೆದರೆ ಸಂದೇಹ ಉಳಿಯುವುದಿಲ್ಲ.

ಆರನೆಯ ಹೆಜ್ಜೆ: ಒಂದು ದಾರಿಯನ್ನು ತಿದ್ದಿ ನೋಡೋಣ

ದಿನನಿತ್ಯ ಕಾಣುವಂಥ ಒಂದು ಸಂದೇಶ ಹೀಗಿದೆ ಎಂದುಕೊಳ್ಳಿ:

‘ಬಸ್ಸು ಇಳಿದು ಮುಂದೆ ಬಂದು ವೃತ್ತದ ಹತ್ತಿರ ಬಲಕ್ಕೆ ಹೋದರೆ ಎಡಕ್ಕೆ ಶಾಲೆ ಸಿಗುತ್ತದೆ, ಶಾಲೆಯ ಮುಂದೆ ಎರಡು ಮನೆ ಬಿಟ್ಟು ನಮ್ಮ ಮನೆ, ಎದುರಿಗೆ ನೀರಿನ ಟ್ಯಾಂಕ್ ಇದೆ.’

ಬರೆದವರಿಗೆ ಇದು ಪೂರ್ತಿ ಸ್ಪಷ್ಟ. ಓದುವವರಿಗೆ ಮೊದಲ ಮಾತಿನಲ್ಲೇ ತೊಡಕು: ‘ಮುಂದೆ’ ಎಂದರೆ ಬಸ್ಸು ಹೊರಟ ಕಡೆಗೋ, ನಿಲ್ದಾಣದ ಮುಂಭಾಗಕ್ಕೋ? ‘ವೃತ್ತದ ಹತ್ತಿರ’ ಎಂದರೆ ವೃತ್ತದಲ್ಲೋ, ಅದಕ್ಕೆ ಮೊದಲೇ ಸಿಗುವ ಓಣಿಯಲ್ಲೋ? ‘ಎಡಕ್ಕೆ ಶಾಲೆ’ ಎಂದು ಓದಿದವರು ತಿರುಗಲು ಇನ್ನೊಂದು ರಸ್ತೆಯನ್ನು ಹುಡುಕಬಹುದು. ‘ಶಾಲೆಯ ಮುಂದೆ’ ಎಂದರೆ ಗೇಟಿನ ಎದುರೋ, ಶಾಲೆ ದಾಟಿದ ಮೇಲೋ? ಟ್ಯಾಂಕ್ ಯಾವುದರ ಎದುರಿಗೆ? ಇಡೀ ದಾರಿ ಒಂದೇ ವಾಕ್ಯದಲ್ಲಿ ‘ಬಂದು, ಹೋದರೆ, ಬಿಟ್ಟು’ ಎಂದು ಹೆಣೆದುಕೊಂಡಿರುವುದೂ ಓದುವವರಿಗೆ ಕಷ್ಟ. ನಡುವೆ ನಿಂತು ಮತ್ತೆ ನೋಡಿಕೊಳ್ಳುವಾಗ ತಾವು ಯಾವ ಕ್ರಿಯೆಯವರೆಗೆ ಬಂದಿದ್ದೇವೆಂದು ಹುಡುಕಬೇಕಾಗುತ್ತದೆ. ಒಂದು ತಿರುವಿಗೆ ಒಂದು ವಾಕ್ಯ ಸಾಕು.

ತಿದ್ದಿದ ರೂಪ:

‘ಬಸ್ಸಿನಿಂದ ಇಳಿದ ಮೇಲೆ ದೂರದಲ್ಲಿ ಬೆಟ್ಟ ಕಾಣುವ ಕಡೆಗೆ, ಎಂದರೆ ಉತ್ತರಕ್ಕೆ, ನಡೆಯಿರಿ. ಸುಮಾರು 200 ಮೀಟರ್ ಆದ ಮೇಲೆ ನಾಲ್ಕು ರಸ್ತೆ ಕೂಡುವ ವೃತ್ತ ಬರುತ್ತದೆ. ವೃತ್ತದಲ್ಲಿ ಬಲಕ್ಕೆ ಹೋಗುವ ರಸ್ತೆಯನ್ನು ಹಿಡಿಯಿರಿ. ಅದು ಪೂರ್ವಕ್ಕೆ ಹೋಗುತ್ತದೆ. ಆ ರಸ್ತೆಯಲ್ಲಿ ನಿಮ್ಮ ಎಡಗಡೆ ಶಾಲೆ ಕಾಣುತ್ತದೆ. ಶಾಲೆಯನ್ನು ದಾಟಿ ಮುಂದೆ ಬನ್ನಿ. ಶಾಲೆಯ ಕಾಂಪೌಂಡ್ ಮುಗಿದ ಮೇಲೆ ಅದೇ ಎಡಬದಿಯಲ್ಲಿ ಮೂರನೆಯ ಮನೆ ನಮ್ಮದು. ಮನೆಯ ಬಾಗಿಲಿಗೆ ನೇರ ಎದುರಾಗಿ, ರಸ್ತೆಯ ಬಲಬದಿಯಲ್ಲಿ, ನೀರಿನ ಟ್ಯಾಂಕ್ ಇದೆ. ಟ್ಯಾಂಕ್ ದಾಟಿದರೆ ನೀವು ಮುಂದೆ ಬಂದಿದ್ದೀರಿ, ಹಿಂದಿರುಗಿ.’

ಇಲ್ಲಿ ‘ಬಸ್ಸು ಹೊರಟ ಕಡೆಗೆ’ ಎನ್ನದೆ ಬೆಟ್ಟವನ್ನು ಹಿಡಿದದ್ದಕ್ಕೆ ಕಾರಣವಿದೆ. ಬೇರೆ ಊರಿನಿಂದ ಬಂದ ಬಸ್ಸು ತದ್ವಿರುದ್ಧ ದಿಕ್ಕಿಗೆ ಹೊರಡಬಹುದು. ಬೆಟ್ಟ ಎಲ್ಲರಿಗೂ ಒಂದೇ ಕಡೆ. ಮೊದಲ ವಾಕ್ಯದಲ್ಲಿ ದಿಕ್ಕು ತಪ್ಪಿದರೆ ಮುಂದಿನ ಎಡ ಬಲಗಳೆಲ್ಲ ತಪ್ಪುತ್ತವೆ, ಆದ್ದರಿಂದ ಅತಿ ಗಟ್ಟಿಯಾದ ಗುರುತು ಅಲ್ಲೇ ಬೇಕು. ಕೊನೆಯ ವಾಕ್ಯ ಅಷ್ಟೇ ಮುಖ್ಯ. ಮಿತಿ ಮೀರಿ ಹೋದದ್ದನ್ನು ತಿಳಿಸುವ ಗುರುತು ಇಲ್ಲದ ದಾರಿಯಲ್ಲಿ ಜನ ಮುಂದೆ ಮುಂದೆ ನಡೆಯುತ್ತಲೇ ಇರುತ್ತಾರೆ.

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಉತ್ತರಕ್ಕೆ ನಡೆದು ಬಲಕ್ಕೆ ತಿರುಗಿದರೆ ಪೂರ್ವ. ಪೂರ್ವಕ್ಕೆ ನಡೆಯುವವರ ಎಡಬದಿ ಉತ್ತರ. ಉತ್ತರ ಬದಿಯ ಮನೆ ರಸ್ತೆಯತ್ತ, ಅಂದರೆ ದಕ್ಷಿಣಕ್ಕೆ, ಮುಖ ಮಾಡಿರಬೇಕು. ನಿಮ್ಮ ಮನೆ ಉತ್ತರಕ್ಕೆ ಬಾಗಿಲು ಇಟ್ಟಿದ್ದರೆ ನೀವು ಬರೆದದ್ದರಲ್ಲಿ ಎಲ್ಲೋ ಒಂದು ಎಡ ಬಲವಾಗಿದೆ.

ಅದೇ ಮನೆಗೆ ಇನ್ನೊಂದು ತುದಿಯಿಂದ ಬರುವವರಿಗೆ ಹೇಳುವಾಗ ಹಳೆಯ ಸಂದೇಶವನ್ನು ಹಾಗೆಯೇ ಕಳಿಸಬೇಡಿ. ಪೂರ್ವದಿಂದ ಪಶ್ಚಿಮಕ್ಕೆ ಬರುವವರಿಗೆ ಮನೆ ಬಲಗಡೆಗೆ, ಟ್ಯಾಂಕ್ ಎಡಗಡೆಗೆ ಹೋಗುತ್ತದೆ. ಶಾಲೆ ಬರುವುದು ಮನೆಯ ನಂತರ, ಆದ್ದರಿಂದ ಈಗ ಮಿತಿಯ ಗುರುತು ಶಾಲೆಯೇ: ‘ಶಾಲೆಯ ಕಾಂಪೌಂಡ್ ಬಂದರೆ ನೀವು ಮುಂದೆ ಬಂದಿದ್ದೀರಿ’. ‘ಶಾಲೆಯಿಂದ ಮೂರನೆಯ ಮನೆ’ ಎಂಬ ಎಣಿಕೆಯೂ ಅವರಿಗೆ ಉಪಯೋಗವಿಲ್ಲ, ಅವರು ಇನ್ನೂ ಶಾಲೆಯನ್ನು ನೋಡಿಯೇ ಇರುವುದಿಲ್ಲ. ಅವರಿಗೆ ಟ್ಯಾಂಕನ್ನು ಮೊದಲು ಹೇಳಿ, ಅದಕ್ಕೆ ನೇರ ಎದುರಾಗಿ ಬಲಬದಿಯಲ್ಲಿ ಮನೆ ಎನ್ನಿ. ಬದಲಾಗದೆ ಉಳಿಯುವುದು ಎರಡೇ: ಮನೆ ರಸ್ತೆಯ ಉತ್ತರ ಬದಿಯಲ್ಲಿದೆ ಎಂಬುದು, ಬಾಗಿಲು ದಕ್ಷಿಣಕ್ಕಿದೆ ಎಂಬುದು. ಯಾವ ಕಡೆಯಿಂದ ಬರುತ್ತಾರೋ ಗೊತ್ತಿಲ್ಲದವರಿಗೆ, ಉದಾಹರಣೆಗೆ ಸಾಮಾನು ತಲುಪಿಸುವವರಿಗೆ, ಈ ಎರಡನ್ನೂ ಟ್ಯಾಂಕಿನ ಗುರುತನ್ನೂ ಕೊಟ್ಟು, ಎಡ ಬಲಗಳನ್ನು ಪೂರ್ತಿ ಬಿಟ್ಟುಬಿಡಿ.